ಓಡಿಹೋದವನ ಹೊಲ

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಇಗರ್ಜಿಯ ಗುರುಗಳೇ, ಇಂದು ನಾವು ಬೀಳ್ಕೊಡಲು ಸೇರಿರುವ ಕಂದಾಯದ ಅಧಿಕಾರಿ ಹುರೈಸ್ ಸಾಹೇಬರೇ, ಮುಖ್ಯ ಅತಿಥಿಗಳಾದ ಬಿಸ್ತಾಮ್ ಧಣಿಗಳೇ, ಬೇತ್ ದೆಕ್ಲಾದ ಹಿರಿಯರೇ, ತಾಯಂದಿರೇ, ಹಿಂದಿನ ಗೋಡೆಗೆ ಒರಗಿ ಆಗಲೇ ತೂಕಡಿಸಲು ಶುರುಮಾಡಿರುವ ಸಭಿಕರೇ,

ಇಂದು ನಮ್ಮ ಇಗರ್ಜಿಯ ಮೂರು ದಿನದ ವ್ರತ, ನಿನೆವೆಯವರ ಉಪವಾಸದ ಎರಡನೆಯ ದಿನ. ನಸುಕಿನಲ್ಲಿ ಎದ್ದು ಒಲೆಯ ಬೂದಿ ತೆಗೆದು, ಮೇಕೆಗಳ ಹಾಲು ಕರೆದು, ಕರೆದದ್ದನ್ನು ನಾಲಿಗೆಗೆ ಸೋಕಿಸದೆ ಹೆಪ್ಪು ಹಾಕಿ, ಕಾಲುವೆಯ ತೂಬು ಎತ್ತಿ ಜವೆಗೋಧಿಗೆ ನೀರು ಬಿಟ್ಟು, ಈ ಅಂಗಳ ಗುಡಿಸಿ, ಸಂಜೆಗೆ ಬೇಕಾದ ಚನ್ನಂಗಿ ಬೇಳೆ ನೆನೆಸಿಟ್ಟು ಬಂದಿದ್ದೇನೆ. ಉಪವಾಸದ ದಿನ ಬೀಳ್ಕೊಡುಗೆ ಸಮಾರಂಭ ಇಟ್ಟುಕೊಂಡ ಊರು ಲೋಕದಲ್ಲಿ ಇನ್ನೊಂದಿದೆಯೇ? ನಮ್ಮ ತಪ್ಪಲ್ಲ. ಹೊಸ ಖಲೀಫರು ಕೂಫಾಕ್ಕೆ ಬಂದು ಇಳಿದಿದ್ದಾರೆ, ಹಳೆಯ ಅಧಿಕಾರಿಗಳೆಲ್ಲ ಲೆಕ್ಕ ಒಪ್ಪಿಸಲು ಕೂಡಲೇ ಬರಬೇಕೆಂದು ಅಪ್ಪಣೆಯಾಗಿದೆ. ಸಾಹೇಬರ ಕತ್ತೆಗಳು ಹೊರಗೆ ಹೇರು ಹೊತ್ತು ನಿಂತಿವೆ. ಆದ್ದರಿಂದ ಚಿಕ್ಕದಾಗಿ ಮಾತನಾಡು ಎಂದು ಗುರುಗಳು ಹೇಳಿದ್ದಾರೆ. ಚಿಕ್ಕದಾಗಿ ಎಂದರೆ ಎಷ್ಟು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನ್ನನ್ನೇಕೆ ಮಾತನಾಡಲು ನಿಲ್ಲಿಸಿದರು? ನಾನೇನು ಓದಿದವಳೇ? ಇದೇ ಇಗರ್ಜಿಯ ಚಾವಡಿಯಲ್ಲಿ ಕುಳಿತು ಕೀರ್ತನೆಗಳನ್ನು ಕಲಿತದ್ದು ಬಿಟ್ಟರೆ ಈ ಶಮೂನಿಗೆ ಬೇರೆ ವಿದ್ಯೆಯಿಲ್ಲ. ಕಾರಣ ಇಷ್ಟೇ. ಈ ಊರಿಗೆ ಬಂದ ಅಧಿಕಾರಿಗಳು, ದಂಡಿನವರು, ದಾರಿಹೋಕರು ಎಲ್ಲರೂ ನನ್ನ ಮನೆಯ ಊಟ ಉಂಡವರು. ಮುಸಲ್ಮಾನ ದೊರೆಗಳ ಜೊತೆ ಆದ ನಮ್ಮ ಕರಾರಿನಲ್ಲಿ ಇರುವುದೇ ಹಾಗಲ್ಲವೇ? ಸೇತುವೆ ದುರಸ್ತಿಯಲ್ಲಿ ಇಡಬೇಕು, ದಾರಿ ತಪ್ಪಿದವರಿಗೆ ದಾರಿ ತೋರಿಸಬೇಕು, ಮುಸಲ್ಮಾನ ಪ್ರಯಾಣಿಕ ಬಂದರೆ ಒಂದು ಹಗಲು ಒಂದು ರಾತ್ರಿ ಅನ್ನ, ನೆರಳು ಕೊಡಬೇಕು. ನನ್ನ ಮನೆ ಸೇತುವೆಯ ಪಕ್ಕ. ಬಂದವರು ಮೊದಲು ತಟ್ಟುವ ಬಾಗಿಲು ನನ್ನದು. ಹುರೈಸ್ ಸಾಹೇಬರು ಮೊದಲ ಸಲ ತಟ್ಟಿದಾಗಲೂ ಉಪವಾಸದ ದಿನವೇ. "ಅಕ್ಕ, ಏನಿದೆ ಊಟಕ್ಕೆ?" ಅಂದರು. "ಬೇಳೆ ಇದೆ ಸಾಹೇಬ್ರೇ." "ಬೇಳೆ ಬಿಟ್ಟು?" "ಬೇಳೆ ಬೇಯ್ಸಿದ ನೀರಿದೆ." ಅವರು ನಕ್ಕರು. ನಗುವ ಅಧಿಕಾರಿ ಒಳ್ಳೆಯವರು ಎಂದು ಅಂದೇ ಅಂದುಕೊಂಡೆ. ಈಗಲೂ ಹಾಗೆಯೇ ಹೇಳುತ್ತೇನೆ. ಹುರೈಸ್ ಸಾಹೇಬರು ಒಳ್ಳೆಯವರು.

ಅವರಿಗೆ ಒಂದು ಶಾಲು ಹೊದಿಸಬೇಕೆಂದು ಹೆಂಗಸರೆಲ್ಲ ಆಸೆಪಟ್ಟೆವು. ಆದರೆ ಅಧಿಕಾರಕ್ಕೆ ಬರುವಾಗ ಏನಿತ್ತು, ಹೋಗುವಾಗ ಏನಿದೆ ಎಂದು ಎಣಿಸಿ, ಹೆಚ್ಚು ಬಂದದ್ದರಲ್ಲಿ ಅರ್ಧ ಖಜಾನೆಗೆ ಎಳೆದುಕೊಳ್ಳುವ ಪದ್ಧತಿಯನ್ನು ಎರಡನೆಯ ಖಲೀಫ ಉಮರರು ಹಾಕಿಬಿಟ್ಟಿದ್ದರು. ಈ ಹೊಸಬರು ಅದನ್ನು ಮತ್ತೆ ಹಿಡಿದರೆ? ಅರ್ಧ ಶಾಲು ಯಾರಿಗೆ ಉಪಯೋಗ? ಆದ್ದರಿಂದ ಸಾಹೇಬರೇ, ಶಾಲಿನ ಬದಲು ಮಾತು ಹೊದಿಸುತ್ತಿದ್ದೇನೆ. ಇದನ್ನು ಯಾರೂ ಎಣಿಸುವುದಿಲ್ಲ.

ಸಭಿಕರೇ, ಐವತ್ತು ತುಂಬಿದ ನಾನು ಎಷ್ಟು ಆಳ್ವಿಕೆಗಳನ್ನು ಕಂಡೆ! ಹುಟ್ಟಿದ್ದು ಪಾರಸಿ ದೊರೆಗಳ ಕಾಲದಲ್ಲಿ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಮೊದಲ ಖಲೀಫರ ದಂಡು ಮರುಭೂಮಿಯ ಕಡೆಯಿಂದ ಬಂತು. ಹೀರಾ ಪಟ್ಟಣದ ಹಿರಿಯರು ಕೋಟೆಬಾಗಿಲು ತೆಗೆದು, ಇಂತಿಷ್ಟು ಕಪ್ಪ ಕೊಡುತ್ತೇವೆಂದು ಒಪ್ಪಿಕೊಂಡರು. ನಾವೂ ಒಪ್ಪಿಕೊಂಡೆವು. ಹೀರಾ ಒಪ್ಪಿದ ಮೇಲೆ ನಾವು ಯಾವ ಲೆಕ್ಕ? ಅಷ್ಟರಲ್ಲಿ ಆ ದಂಡಿಗೆ ಸಿರಿಯಾಕ್ಕೆ ಹೋಗಲು ಅಪ್ಪಣೆ ಬಂತು, ದಂಡು ಅರ್ಧಕ್ಕರ್ಧ ಹೊರಟಿತು. ಹೋದದ್ದೇ ತಡ, ಪಾರಸಿಯವರು ಮರಳಿದರು. "ಅವ್ರಿಗೆ ಕೊಟ್ರಲ್ಲ, ಈಗ ನಮಗೂ ಕೊಡಿ" ಅಂದರು. ಆ ವರ್ಷ ಒಂದೇ ಹೊಲ ಇಬ್ಬರು ಅರಸರಿಗೆ ಕಂದಾಯ ಕಟ್ಟಿತು. ನನ್ನ ಅತ್ತೆ ಅಂಗಳದಲ್ಲಿ ನಿಂತು ಕೂಗಿದ್ದು ನನಗೆ ನೆನಪಿದೆ: "ಒಂದು ಕತ್ತೆಗೆ ಇಬ್ಬರು ಅಗಸರು ಕಣ್ರೋ! ಕತ್ತೆ ಸತ್ತರೆ ಬಟ್ಟೆ ಹೊರೋದ್ಯಾರು?"

ಅತ್ತೆಯ ಮಾತು ಬಂದರೆ ಯಜ್ದೀನನ ಮಾತು ಬರಲೇಬೇಕು. ಯಜ್ದೀನ್ ಅವಳ ಮಗ, ನನ್ನ ಗಂಡ. ಉದ್ದನೆಯ ಮನುಷ್ಯ, ಮಾತು ಕಡಿಮೆ. ಎಡಗೈಯ ಕಿರುಬೆರಳು ಅರ್ಧ ಇರಲಿಲ್ಲ, ಕುಡುಗೋಲಿಗೆ ಹೋಗಿತ್ತು. ಕಾಲುವೆಯ ಆಚೆ ದಂಡೆಗೆ ಇರುವ ಹೊಲ, ಖರ್ಜೂರದ ಸಾಲು ಇರುವ ಹೊಲ, ಅವನದು. ಎಲ್ಲರೂ ಬಲ್ಲಿರಿ. ಈಚೆಗೆ ಅದನ್ನು ನೀವೆಲ್ಲ ಬೇರೆ ಹೆಸರಿನಿಂದ ಕರೆಯುತ್ತೀರಿ. ಇರಲಿ.

ಪಾರಸಿಯವರು ದೊಡ್ಡ ಯುದ್ಧಕ್ಕೆ ದಂಡು ಕೂಡಿಸುತ್ತಿದ್ದ ಕಾಲ. ಕಾಲುವೆಯ ಉದ್ದಕ್ಕೂ ಮನೆಗೊಬ್ಬ ಗಂಡಾಳು ಬೇಕೆಂದು ಅಪ್ಪಣೆಯಾಯಿತು. ಬಿಸ್ತಾಮ್ ಧಣಿಗಳು ಆಗ ಇನ್ನೂ ಹರೆಯದವರು, ಅಪ್ಪ ತೀರಿಕೊಂಡು ಊರಿನ ಯಜಮಾನಿಕೆ ಹೊಸದಾಗಿ ಕೈಗೆ ಬಂದಿತ್ತು. ಆಳು ಕೊಡದಿದ್ದರೆ ಅವರ ತಲೆಯೇ ಹೋಗುತ್ತಿತ್ತು. ಅವರ ಆಳುಗಳು ನಮ್ಮ ಗಂಡಸರನ್ನು ಮಣಿಕಟ್ಟಿಗೆ ಮಣಿಕಟ್ಟು ಸೇರಿಸಿ ಹಗ್ಗದಲ್ಲಿ ಬಿಗಿದು ಈ ಸೇತುವೆಯ ಮೇಲೆಯೇ ನಡೆಸಿಕೊಂಡು ಹೋದರು. ತಲೆ ತಗ್ಗಿಸಬೇಡಿ ಧಣಿಗಳೇ. ನಿಮ್ಮನ್ನು ದೂರಲು ನಾನು ನಿಂತಿಲ್ಲ. ಆ ಹಗ್ಗ ಇತ್ತು ಎಂದು ನೀವು ಹಿಂದಿನ ತಿಂಗಳು ಇದೇ ಗುರುಗಳ ಮುಂದೆ, ಸಾಹೇಬರ ಮುಂದೆ ಬಾಯಿಬಿಟ್ಟು ಹೇಳಿದಿರಲ್ಲ, ಅದು ಸಣ್ಣ ಮಾತೇ? ಈಗ ನೀವು ಮುಸಲ್ಮಾನರು, ದಂಡಿನ ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಕೂಫಾದಿಂದ ನಿಮಗೆ ವರ್ಷಾಶನ ಬರುತ್ತದೆ. ಸುಮ್ಮನಿದ್ದರೆ ನಿಮ್ಮನ್ನು ಕೇಳುವವರು ಯಾರು? ಆದರೂ ಹೇಳಿದಿರಿ.

ಯಜ್ದೀನ್ ಹೋಗುವಾಗ ತಿರುಗಿ ನೋಡಲಿಲ್ಲ. ಹಗ್ಗದಲ್ಲಿ ಇದ್ದವನು ತಿರುಗಿದರೆ ಪಕ್ಕದವನು ಬೀಳುತ್ತಾನೆ. ನಾನು ಹಾಗೆಂದು ತಿಳಿದುಕೊಂಡೆ.

ಕಾದಿಸಿಯ್ಯಾದಲ್ಲಿ ಏನಾಯಿತು ಎಂದು ನಿಮಗೆ ಗೊತ್ತು. ಪಾರಸಿ ದಂಡು ಮುರಿಯಿತು. ಅಳಿದುಳಿದವರು ಪೂರ್ವಕ್ಕೆ, ಗುಡ್ಡಗಳ ಕಡೆಗೆ ಓಡಿದರು. ನಮ್ಮ ಊರಿನವರಲ್ಲಿ ಕೆಲವರ ಹೆಣ ಬಂತು, ಕೆಲವರು ಕುಂಟುತ್ತಾ ಬಂದರು, ಯಜ್ದೀನ್ ಬರಲಿಲ್ಲ. ಗೆದ್ದವರ ಕೈಯಲ್ಲಿ ಸೆರೆ ಸಿಕ್ಕಿರಬಹುದೆಂದು ಅತ್ತೆ, ನಾನು ಶಿಬಿರಕ್ಕೂ ಹೋಗಿ ಕೇಳಿದೆವು. "ಹೊಲ ಉಳೋರನ್ನ ಬಿಟ್ಟುಬಿಡಿ ಅಂತ ಮದೀನಾದಿಂದ ಅಪ್ಪಣೆ ಬಂದಿದೆ ತಾಯಿ. ಇದ್ದಿದ್ರೆ ಇಷ್ಟೊತ್ತಿಗೆ ಮನೆಗೆ ಬಂದಿರ್ತಿದ್ದ" ಎಂದ ಒಬ್ಬ ಮುದುಕ ಸೈನಿಕ. ಸಮಾಧಾನ ಹೇಳಿದನೋ ಕತ್ತಿ ಹಾಕಿದನೋ, ಅವನಿಗೂ ತಿಳಿದಿರಲಿಕ್ಕಿಲ್ಲ.

ಆಮೇಲೆ ನಮಗೆಲ್ಲ ಒಂದೇ ಭಯ. ಗೆದ್ದ ದಂಡಿನವರು ನೆಲವನ್ನೂ ನೆಲದ ಮೇಲಿನ ನಮ್ಮನ್ನೂ ಹಂಚಿಕೊಳ್ಳುತ್ತಾರಂತೆ. ತಲೆಗಳನ್ನು ಎಣಿಸಿದರು. ಒಬ್ಬೊಬ್ಬ ಸೈನಿಕನ ಪಾಲಿಗೆ ಮೂವರು ರೈತರು ಬರುತ್ತಿದ್ದರಂತೆ. ನನ್ನ ಅತ್ತೆ ಹೇಳಿದಳು, "ನಾನು ಯಾವನ ಪಾಲಿಗೆ ಬರ್ತೀನೋ ಅದು ಅವನ ದೌರ್ಭಾಗ್ಯ." ನಗಬೇಡಿ, ಅಂದು ಯಾರೂ ನಗಲಿಲ್ಲ. ಮದೀನಾದಲ್ಲಿ ಮೂರು ದಿನ ವಾದ ನಡೆಯಿತೆಂದು ಹೇಳುತ್ತಾರೆ. ಕೊನೆಗೆ ಉಮರರು, ಇವತ್ತು ಇದ್ದವರು ಹಂಚಿಕೊಂಡರೆ ನಾಳೆ ಹುಟ್ಟುವವರಿಗೆ ಏನು ಉಳಿಯಿತು, ಗಡಿ ಕಾಯುವವರಿಗೆ ಸಂಬಳ ಎಲ್ಲಿಂದ, ಎಂದು ಕೇಳಿದರಂತೆ. ನೆಲ ಉಳುವವನ ಕೈಯಲ್ಲೇ ಇರಲಿ, ಕಂದಾಯ ಎಲ್ಲರ ಖಜಾನೆಗೆ ಬರಲಿ, ದಂಡಿನವರು ನೇಗಿಲು ಮುಟ್ಟದೆ ಕೂಫಾದಲ್ಲಿ, ಬಸ್ರಾದಲ್ಲಿ ಕುಳಿತು ಸಂಬಳ ತಿನ್ನಲಿ ಎಂದು ತೀರ್ಮಾನವಾಯಿತು. ನಾವು ಉಳಿದದ್ದು ಆ ಒಂದು ಪ್ರಶ್ನೆಯಿಂದ. ಹುಟ್ಟದ ಮಕ್ಕಳನ್ನು ನೆನೆದು ಇದ್ದವರಿಗೆ ಇಲ್ಲ ಎಂದ ದೊರೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಬಳಿಕ ಅಳತೆಯವರು ಬಂದರು. ಅಳತೆ ಹಗ್ಗ ಹಿಡಿದ ಅರಬ್ಬರು ಇಬ್ಬರು, ಬರೆದುಕೊಳ್ಳಲು ಅದೇ ಹಳೆಯ ಪಾರಸಿ ಗುಮಾಸ್ತ. ದೊರೆ ಬದಲಾದ, ಧರ್ಮ ಬದಲಾಯಿತು, ಗುಮಾಸ್ತನೂ ಬದಲಾಗಲಿಲ್ಲ, ಅವನ ಕೆಮ್ಮೂ ಬದಲಾಗಲಿಲ್ಲ. ಅವರ ಹಗ್ಗದ ಒಂದು ಅಳತೆ ನೆಲಕ್ಕೆ ಜರೀಬು ಎಂದು ಹೆಸರು; ಗೋಧಿಯ ಜರೀಬಿಗೆ ನಾಲ್ಕು ದಿರ್ಹಮ್, ಜವೆಗೋಧಿಯ ಜರೀಬಿಗೆ ಎರಡು. ಗಂಡಸರಿಗೆ ತಲೆಗಂದಾಯ: ಸ್ಥಿತಿವಂತನಿಗೆ ನಲವತ್ತೆಂಟು, ನಡುವಿನವನಿಗೆ ಇಪ್ಪತ್ತನಾಲ್ಕು, ಕೈ ಕೆಸರು ಮಾಡಿಕೊಂಡು ದುಡಿಯುವವನಿಗೆ ಹನ್ನೆರಡು. ಎಣಿಕೆಯಾದವರ ಕೊರಳಿಗೆ ಸೀಸದ ಮುದ್ರೆ, ಎಣಿಕೆ ಮುಗಿದ ಮೇಲೆ ಅದನ್ನು ಒಡೆದುಹಾಕುತ್ತಿದ್ದರು. ಹೆಂಗಸರು, ಮಕ್ಕಳು, ಕುರುಡರು, ಭಿಕ್ಷೆಯ ಮೇಲೆ ಬದುಕುವ ಸನ್ಯಾಸಿಗಳು ಇವರಿಗೆ ತಲೆಗಂದಾಯವಿಲ್ಲ.

ನಮ್ಮ ಹೊಲಕ್ಕೆ ಬಂದಾಗ ಹಗ್ಗ ಹಿಡಿದವನು ಕೇಳಿದ, "ಇದು ಯಾರದು?"

"ಯಜ್ದೀನನದು."

"ಅವನೆಲ್ಲಿ?"

ಅತ್ತೆ ನನ್ನ ಬೆನ್ನಿಗೆ ಚಿವುಟಿದಳು. ಯಾಕೆಂದರೆ ಊರಿಗೆಲ್ಲ ಅಷ್ಟರಲ್ಲಿ ಕಾನೂನು ತಿಳಿದಿತ್ತು. ಪಾರಸಿ ಅರಸನ ಸ್ವಂತ ಭೂಮಿ, ಅರಮನೆಯವರ ಭೂಮಿ, ಕಾದಾಡಿ ಸತ್ತವರ ಭೂಮಿ, ನೆಲ ಬಿಟ್ಟು ಓಡಿಹೋದವರ ಭೂಮಿ ಇವೆಲ್ಲ ಖಜಾನೆಗೆ. ನೆಲದ ಮೇಲೆ ನಿಂತವರದು ಮಾತ್ರ ನಿಂತವರಿಗೆ. ಮನಸ್ಸಿಲ್ಲದೆ ಎಳೆಸಿಕೊಂಡು ಹೋದವರ ವಿಷಯ ಏನು ಎಂದು ಮದೀನಾಕ್ಕೆ ಕೇಳಿದ್ದರು, ಅವರನ್ನೂ ನಿಂತವರ ಹಾಗೆಯೇ ನೋಡಿ ಎಂದು ಬಂದಿತ್ತು.

"ಹಗ್ಗ ಕಟ್ಟಿ ಎಳ್ಕೊಂಡು ಹೋದ್ರು" ಎಂದೆ. "ಆಮೇಲೆ ಏನಾಯ್ತೋ ಗೊತ್ತಿಲ್ಲ. ನಾವಂತೂ ಇಲ್ಲೇ ಇದೀವಿ, ಉಳ್ತಾ ಇದೀವಿ."

"ಉಳೋದು ಯಾರು, ನೀನಾ?"

"ನಾನು, ನಮ್ಮತ್ತೆ, ಒಂದು ಎತ್ತು. ಮೂವರಲ್ಲಿ ಎತ್ತೇ ಸ್ವಲ್ಪ ಸೋಮಾರಿ."

ಅವನು ಗುಮಾಸ್ತನ ಕಡೆ ತಿರುಗಿ, ಎಳೆಸಿಕೊಂಡು ಹೋದವನ ಮನೆ, ನಿಂತವರು ಎಂದು ಬರೆಸಿದ. ಅಂದಿನಿಂದ ವರ್ಷ ವರ್ಷವೂ ಆ ಹೊಲದ ಕಂದಾಯವನ್ನು ನಾನೇ ಕಟ್ಟಿದೆ. ಬೆಳೆ ಸುಟ್ಟ ವರ್ಷವೂ ಕಟ್ಟಿದೆ. ಅತ್ತೆ ಸತ್ತ ವರ್ಷವೂ ಕಟ್ಟಿದೆ.

ಹೌದು ಗುರುಗಳೇ, ನೋಡಿದೆ, ಬಿಸಿಲು ಆ ಕಂಬಕ್ಕೆ ಬಂತು. ಬೇಗ ಮುಗಿಸುತ್ತೇನೆ. ಬೇಗ ಮುಗಿಸಬೇಕೆಂದೇ ನನಗೂ ಇದೆ. ರಾತ್ರಿಯೆಲ್ಲ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಮೂರನೆಯ ಖಲೀಫರ ಕಾಲದ ಮಾತಿಗೆ ಬರುತ್ತೇನೆ. ಆಗ ಕೂಫಾ ದೊಡ್ಡದಾಗಿತ್ತು. ಜೊಂಡಿನ ಗುಡಿಸಲುಗಳು ಹೋಗಿ ಇಟ್ಟಿಗೆಯ ಮನೆಗಳು ಎದ್ದಿದ್ದವು, ಒಂದೊಂದು ಕುಲಕ್ಕೆ ಒಂದೊಂದು ಕೇರಿ. ಅಲ್ಲಿಂದ ವರ್ಷಕ್ಕೊಮ್ಮೆ ಸರದಿಯ ಮೇಲೆ ದಂಡುಗಳು ಪೂರ್ವಕ್ಕೆ ರೈ ಪಟ್ಟಣದ ಕಾವಲಿಗೆ, ಉತ್ತರಕ್ಕೆ ಅಜರ್‌ಬೈಜಾನಿನ ಕಾವಲಿಗೆ ಹೋಗಿಬರುತ್ತಿದ್ದವು. ಹೋಗುವವರಿಗೂ ಬರುವವರಿಗೂ ನಮ್ಮ ಸೇತುವೆಯೇ ದಾರಿ. ಅತಿಥಿಗಳ ಕಾಟ ಹೇಳಿತೀರದು. ಕೆಲವರು ಕುರಿ ಕೇಳುತ್ತಿದ್ದರು, ಕೋಳಿ ಕೇಳುತ್ತಿದ್ದರು. ನಾವೇನು ಸುಮ್ಮನಿದ್ದೆವೇ? "ನೀವು ಉಣ್ಣೋದನ್ನೇ ಅವ್ರಿಗೆ ಬಡಿಸಿ, ಅದಕ್ಕಿಂತ ಹೆಚ್ಚು ಬೇಡ" ಎಂದು ಉಮರರು ಹಿಂದೆಯೇ ಅಪ್ಪಣೆ ಕೊಡಿಸಿದ್ದರು. ಆ ಒಂದು ಮಾತನ್ನು ನಾನು ಅರಬ್ಬಿಯಲ್ಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಯಾರಾದರೂ ಕೋಳಿಗೂಡಿನ ಕಡೆ ನೋಡಿದರೆ ಸಾಕು, ಬಾಗಿಲಲ್ಲಿ ನಿಂತು ಹೇಳಿಬಿಡುತ್ತಿದ್ದೆ. ಅರ್ಧ ಜನ ನಕ್ಕು ಬೇಳೆ ಉಣ್ಣುತ್ತಿದ್ದರು, ಅರ್ಧ ಜನ ಬೈದು ಬೇಳೆ ಉಣ್ಣುತ್ತಿದ್ದರು.

ಹಾಗೆ ಒಂದು ಸಂಜೆ ರೈ ಕಾವಲಿನಿಂದ ಮರಳುತ್ತಿದ್ದ ಒಬ್ಬ ಸೈನಿಕ ಬಂದ. ಕುರ್ಜ್ ಎಂದು ಹೆಸರು, ನಖಾ ಕುಲದವನು. ನಗುಮುಖ, ಹಸಿದ ಮುಖ. ಅವನೂ ಕೋಳಿಗೂಡಿನ ಕಡೆ ನೋಡಿದ, ನಾನೂ ನನ್ನ ಅರಬ್ಬಿ ಒಪ್ಪಿಸಿದೆ.

"ಆಯ್ತಮ್ಮಾ, ಆಯ್ತು" ಅಂದ. "ಬೇಳೆನೇ ಹಾಕು. ಮನೇಲಿ ಗಂಡಸರು ಯಾರೂ ಕಾಣಲ್ಲ?"

"ಇದ್ರು. ಪಾರಸಿಯವ್ರ ಕಾಲದಲ್ಲಿ ಹೋದ್ರು."

"ಹೆಸರೇನು?"

"ಯಜ್ದೀನ್."

ಅವನು ತುತ್ತು ಕೆಳಗಿಟ್ಟ. "ರೈನಲ್ಲಿ ಒಬ್ಬ ಯಜ್ದೀನ್ ಇದಾನೆ. ಈ ಕಡೆಯವನೇ ಅಂತೆ. ಪಟ್ಟಣದ ಹೊರಗೆ ಹಳ್ಳದ ಮೇಲೆ ಬೀಸುಗಿರಣಿ ಇಟ್ಕೊಂಡಿದಾನೆ. ಉದ್ದದ ಆಳು."

ಸಭಿಕರೇ, ಆಮೇಲೆ ಯಾವ ಮಾತು ಮೊದಲು, ಯಾವುದು ಆಮೇಲೆ ಎಂದು ನನಗೆ ನೆನಪಿಲ್ಲ. ಅದೇ ಈಗ ನನ್ನನ್ನು ತಿನ್ನುತ್ತಿರುವುದು. ಬೆರಳಿನ ವಿಷಯ ಬಂತು. "ಎಡಗೈ ಕಿರುಬೆರಳು ಅರ್ಧ ಇಲ್ಲ" ಎಂಬ ಮಾತು ಆ ಅಡುಗೆಮನೆಯಲ್ಲಿ ಆಡಲ್ಪಟ್ಟಿತು. ಆಡಿದ್ದು ಅವನೋ? ನಾನು ಮೊದಲು ಕೇಳಿ ಅವನು "ಹೌದಮ್ಮಾ ಹೌದು" ಅಂದನೋ? ಅತ್ತೆ ಆಗ ಹಾಸಿಗೆ ಹಿಡಿದಿದ್ದಳು, ಮೂಲೆಯಲ್ಲಿ ಮಲಗಿ ಎಲ್ಲ ಕೇಳಿಸಿಕೊಂಡಿದ್ದಳು. ಬಳಿಕ ನಾನು ಕೇಳಿದಾಗಲೆಲ್ಲ ಒಂದೊಂದು ಥರ ಹೇಳಿದಳು. ನನ್ನ ಮೇಲೆ ಸಿಟ್ಟಿದ್ದರೆ "ನೀನೇ ಬಾಯಿಬಿಟ್ಟಿದ್ದು ಕಣೇ, ನಿನ್ನ ಬಾಯೋ ತೂಬೋ!" ಮಗನ ನೆನಪಾದರೆ "ಅವನೇ ಅಂದದ್ದು, ನನ್ನ ಕಿವಿ ಸುಳ್ಳು ಹೇಳಲ್ಲ."

ಅಷ್ಟು ವರ್ಷ ಯಾರಿಗೂ ಮುಟ್ಟಿಸದ ಕೋಳಿಯನ್ನು ಅಂದು ನಾನೇ ಕೊಯ್ದೆ. ಕರಾರಿನಲ್ಲಿ ಇಲ್ಲದ ಊಟ ಬಡಿಸಿದೆ. ಆ ಮನುಷ್ಯ ಎಲುಬು ಚೀಪಿ, ಬೆರಳು ನೆಕ್ಕಿ, ದೇವರು ನಿನ್ನ ಮನೆ ತುಂಬಿಸಲಿ ಎಂದು ಹರಸಿ, ಬೆಳಿಗ್ಗೆ ಎದ್ದು ಕೂಫಾಕ್ಕೆ ಹೋದ.

ನಾನೇನು ಮಾಡಿದೆ? ನೀವೆಲ್ಲ ಬಲ್ಲಿರಿ. ಈ ಅಂಗಳದಲ್ಲಿ ನಿಂತು ಖರ್ಜೂರ ಹಂಚಿದೆ. "ನನ್ನ ಗಂಡ ಬದುಕಿದಾನೆ, ರೈನಲ್ಲಿ ಗಿರಣಿ ಇಟ್ಟಿದಾನೆ" ಎಂದು ಮನೆಮನೆಗೂ ಹೋಗಿ ಹೇಳಿದೆ. ಕಾಲುವೆಯ ಆಚೆ ಊರಿಗೂ ಹೋಗಿ ಹೇಳಿದೆ. ಮೂವತ್ತು ಮೆಟ್ಟಿಲ ಗೋಪುರ ಇದ್ದಿದ್ದರೆ ಹತ್ತಿ ಹೇಳುತ್ತಿದ್ದೆ. ಬದುಕಿದ್ದರೆ ಯಾಕೆ ಬರಲಿಲ್ಲ ಎಂದು ಒಬ್ಬರೂ ನನ್ನನ್ನು ಕೇಳಲಿಲ್ಲ. ನಿಮ್ಮ ಒಳ್ಳೆಯತನ. ಆ ಪ್ರಶ್ನೆಯನ್ನು ನಾನೇ ಕೇಳಿಕೊಂಡೆ, ಕೇಳಿಕೊಳ್ಳುತ್ತಲೇ ಇದ್ದೇನೆ. ಗಿರಣಿ ಎಂದಮೇಲೆ ಮನೆ ಇರುತ್ತದೆ. ಮನೆ ಎಂದಮೇಲೆ ಒಲೆ ಹಚ್ಚುವವಳು ಒಬ್ಬಳು ಇರುತ್ತಾಳೆ. ಇರಲಿ, ಅದು ಸಭೆಯಲ್ಲಿ ಆಡುವ ಮಾತಲ್ಲ.

ಅದೇ ಕಾಲಕ್ಕೆ ಖಜಾನೆಯ ಭೂಮಿಗಳನ್ನು ದೊಡ್ಡವರಿಗೆ ಇನಾಮು ಕೊಡುವ ಹೊಸ ಪದ್ಧತಿ ಬಂದಿತ್ತು. ಈ ಕಪ್ಪುಮಣ್ಣಿನ ಸೀಮೆಯೆಲ್ಲ ನಮ್ಮ ಕುಲದ ಹೂದೋಟ ಎಂದು ಕೂಫಾದ ರಾಜ್ಯಪಾಲರೊಬ್ಬರು ಸಭೆಯಲ್ಲೇ ಅಂದದ್ದು, ಅದಕ್ಕೆ ದಂಡಿನವರು ಸಿಡಿದೆದ್ದು, ಮದೀನಾಕ್ಕೆ ಹೋಗಿದ್ದ ಅವರು ಮತ್ತೆ ಊರೊಳಗೆ ಕಾಲಿಡದಂತೆ ತಡೆದದ್ದು ಹಳೆಯ ಕಥೆ. ಅಂಥ ದೊಡ್ಡವರಲ್ಲೊಬ್ಬರು ಕಾಲುವೆ ದಂಡೆಯ ಹೊಲಗಳನ್ನು ಹುಡುಕುತ್ತಿದ್ದರು. ರೈನಲ್ಲಿ ನೆಲೆಸಿದ ಯಜ್ದೀನನ ಮಾತು ಅವರ ಕಿವಿಗೂ ಬಿತ್ತು. ಬೀಳದೇ ಇರುತ್ತದೆಯೇ, ನಾನು ಅಷ್ಟು ಚೆನ್ನಾಗಿ ಸಾರಿದ್ದೆನಲ್ಲ! ಬದುಕಿದ್ದಾನೆ, ಬೇರೆ ಸೀಮೆಯಲ್ಲಿ ಬೇರು ಬಿಟ್ಟಿದ್ದಾನೆ, ದಾರಿ ತೆರೆದಿದ್ದರೂ ಮರಳಿಲ್ಲ ಎಂದಮೇಲೆ ಅವನು ಎಳೆಸಿಕೊಂಡು ಹೋದವನಲ್ಲ, ಓಡಿಹೋದವನು. ಓಡಿಹೋದವನ ಹೊಲ ಖಜಾನೆಯದು. ಖಜಾನೆಯದನ್ನು ನನಗೆ ಇನಾಮು ಕೊಡಿ ಎಂದು ಆ ದೊಡ್ಡವರು ಕೂಫಾದಲ್ಲಿ ಕೇಳಿಕೊಂಡರು. ಕೊಟ್ಟರು.

ಆಗ ಈ ಸೀಮೆಗೆ ಹೊಸದಾಗಿ ಬಂದಿದ್ದವರು ಹುರೈಸ್ ಸಾಹೇಬರು. ನಾನು ಅವರ ಮುಂದೆ ಹೋಗಿ ನಿಂತೆ.

"ಅಕ್ಕ" ಅಂದರು, "ಕಂದಾಯ ನೀನೇ ಕಟ್ಟಿದೀಯ, ನನಗೆ ಗೊತ್ತು. ಅವನು ಸತ್ತಿದಾನೆ ಅಂತ ನಿಮ್ಮ ಇಗರ್ಜಿಯಲ್ಲಿ ಆಣೆ ಇಡು. ಎಳ್ಕೊಂಡು ಹೋದಾಗಲೇ ಸತ್ತ ಅಂತ ಬರೆಸ್ತೀನಿ. ನಿಂತವರ ಹೊಲ ನಿಂತವರಿಗೆ. ಅವ್ರು ಎಷ್ಟೇ ದೊಡ್ಡವ್ರಾಗಿರ್ಲಿ, ಬಿಡಿಸ್ಕೊಡ್ತೀನಿ."

"ಸತ್ತಿದಾನೆ ಅಂತ ನನಗೆ ಗೊತ್ತಿಲ್ವಲ್ಲ ಸಾಹೇಬ್ರೇ."

"ಹಾಗಾದ್ರೆ ಬದುಕಿದಾನೆ ಅನ್ನು."

"ಅದೂ ಗೊತ್ತಿಲ್ಲ."

"ಅಯ್ಯೋ ತಾಯಿ! ಊರಿಗೆಲ್ಲ ಖರ್ಜೂರ ಹಂಚಿದಾಗ ಗೊತ್ತಿತ್ತಾ?"

ಸಾಹೇಬರು ಕೇಳಿದ್ದು ನ್ಯಾಯವೇ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ನೆರೆಯವಳು ಒಬ್ಬಳು, ಹೆಸರು ಬೇಡ, ಇಲ್ಲೇ ಕುಳಿತಿದ್ದಾಳೆ, ನನ್ನ ಸೆರಗು ಹಿಡಿದು ಬೈದಳು: "ಒಂದು ಮಾತು ಹೇಳಿದ್ರೆ ನಿನ್ನ ನಾಲಿಗೆ ಬಿದ್ದೋಗುತ್ತಾ? ಇಷ್ಟು ವರ್ಷ ಬರದವನು ಸತ್ತ ಹಾಗೇ ತಾನೇ!" ಸತ್ತ ಹಾಗೆ ಬೇರೆ, ಸತ್ತದ್ದು ಬೇರೆ ತಂಗಿ. ಶಿಲುಬೆ ಮುಟ್ಟಿ ಬದುಕಿರುವವನನ್ನು ಕೊಂದು ಆ ಹೊಲದ ರೊಟ್ಟಿ ತಿನ್ನಲೇ? ನನ್ನ ಬಾಯಿಂದ ಆಗಲಿಲ್ಲ. ಹೊಲ ಹೋಯಿತು. ಅಂದಿನಿಂದ ಅದೇ ಹೊಲವನ್ನು ಅರ್ಧ ಪಾಲಿಗೆ ಗೇಯುತ್ತಿದ್ದೇನೆ. ಇನಾಮುದಾರರ ಮೇಸ್ತ್ರಿ ಬಂದು "ಏ ಮುದುಕಿ, ತೂಬು ಬೇಗ ಎತ್ತು" ಅನ್ನುತ್ತಾನೆ. ಆ ತೂಬನ್ನು ಕಡೆದು ಕೂರಿಸಿದವನು ಯಜ್ದೀನ್. ಈ ಸಲದ ಕೊಯ್ಲು ಮುಗಿದ ಮೇಲೆ ಗಟ್ಟಿ ಗಂಡಾಳುಗಳನ್ನು ಹಾಕುತ್ತಾರಂತೆ, ನಾನು ಜಾಗ ಬಿಡಬೇಕಂತೆ.

ಈಗ ನಾಲ್ಕನೆಯವರು ಬಂದಿದ್ದಾರೆ. ಅವರು ಕಳಿಸಿದ ಹೊಸ ಅಧಿಕಾರಿಯೊಬ್ಬರಿಗೆ ಹೇಳಿದ್ದಾರಂತೆ: ಒಂದು ದಿರ್ಹಮಿಗಾಗಿ ಯಾರಿಗೂ ಚಾವಟಿ ಬೀಸಬೇಡ, ಯಾರ ಚಳಿಗಾಲದ ಬಟ್ಟೆಯನ್ನೂ ಬೇಸಿಗೆಯ ಬಟ್ಟೆಯನ್ನೂ ಮಾರಿಸಬೇಡ, ಉಳುವ ಎತ್ತನ್ನು ಹಿಡಿಯಬೇಡ. ಆ ಅಧಿಕಾರಿ, "ಹಾಗಾದ್ರೆ ಹೋದ ಹಾಗೇ ಬರಿಗೈಲಿ ಬರ್ತೀನಿ ಅಷ್ಟೆ" ಅಂದನಂತೆ. "ಬಂದರೆ ಬಾ, ಜನರಿಗೆ ಮಿಕ್ಕಿದ್ದನ್ನು ಮಾತ್ರ ತೆಗೆದುಕೊಳ್ಳಲು ನಮಗೆ ಅಪ್ಪಣೆ" ಎಂದು ಉತ್ತರವಾಯಿತಂತೆ. ಈ ಮಾತು ಕೇಳಿ ನಮ್ಮೂರಿನವರಿಗೆಲ್ಲ ಎದ್ದು ಕುಣಿಯುವಂತಾಯಿತು. ನನಗೆ ಮಾತ್ರ ಬೇರೆಯೇ ಮಾತು ಕಿವಿಗೆ ಬಿತ್ತು. ಹಿಂದಿನವರ ಕಾಲದಲ್ಲಿ ಕೊಟ್ಟ ಇನಾಮುಗಳನ್ನೆಲ್ಲ ಮತ್ತೆ ತೆಗೆದು ನೋಡುತ್ತಾರಂತೆ. ಸಾಹೇಬರು ಲೆಕ್ಕದ ಜೊತೆಗೆ ನನ್ನ ಹೊಲದ ವಿಷಯವನ್ನೂ ಒಯ್ಯುತ್ತಿದ್ದಾರೆ. ಹಗ್ಗ ಕಟ್ಟಿದ್ದು ನಿಜವೆಂದು ಧಣಿಗಳು ಸಾಕ್ಷಿ ಹೇಳಿಯಾಗಿದೆ. ಉಳಿದಿರುವುದು ಒಂದೇ ಗಂಟು. ಹಗ್ಗ ಬಿಚ್ಚಿದ ಮೇಲೆ ಅವನು ಏನಾದ?

ಸಾಹೇಬರೇ, ಅದಕ್ಕೆ ಉತ್ತರ ಬಲ್ಲವನು ಒಬ್ಬನೇ. ಅವನು ಕೂಫಾದಲ್ಲೇ ಇದ್ದಾನೆ. ನಿಮ್ಮಲ್ಲಿ ಸಂಬಳ ತಿನ್ನುವ ಯಾವ ಸೈನಿಕನೂ ಕಳೆದುಹೋಗಲು ಸಾಧ್ಯವಿಲ್ಲವಲ್ಲ! ಕೇರಿಗೊಂದು ಕುಲ, ಕುಲದೊಳಗೆ ಗುಂಪು, ಗುಂಪಿಗೊಬ್ಬ ಮುಖಂಡ, ಸಂಬಳ ಹಂಚುವವನು ಅವನೇ. ಯಾರಿಗೆ ಮಗು ಹುಟ್ಟಿತು, ಯಾರು ಸತ್ತರು, ಯಾರು ಕಾವಲಿಗೆ ಹೋದರು, ಎಲ್ಲ ಅವನ ಬಾಯಲ್ಲಿ. ನಖಾ ಕುಲದ ಕೇರಿಗೆ ಹೋಗಿ, ರೈ ಕಾವಲು ಮುಗಿಸಿ ಬಂದ ಕುರ್ಜ್ ಯಾರೆಂದು ಕೇಳಿ. ಅವನನ್ನು ಮಸೀದಿಗೆ ಕರೆದುಕೊಂಡು ಹೋಗಿ. ಗದರಿಸಬೇಡಿ. ಗದರಿಸಿದರೆ ಮನುಷ್ಯ ತನ್ನನ್ನು ಉಳಿಸಿಕೊಳ್ಳುವ ಮಾತು ಆಡುತ್ತಾನೆ. ಪಕ್ಕದಲ್ಲಿ ಕೂರಿಸಿಕೊಂಡು, ಅವನು ನಂಬುವ ದೇವರ ಮುಂದೆ ಕೇಳಿ: ಬೇತ್ ದೆಕ್ಲಾದ ಸೇತುವೆಯ ಪಕ್ಕದ ಮನೆಯಲ್ಲಿ ನೀನು ಹೇಳಿದ್ದು ಕಂಡದ್ದೋ, ಊಟಕ್ಕಾಗಿ ಕಟ್ಟಿದ್ದೋ?

ಕಟ್ಟಿದ್ದು ಅಂದರೆ ನನಗೆ ಸಿಟ್ಟಿಲ್ಲ ಎಂದು ಹೇಳಿ. ರೈನಿಂದ ನಡೆದು ಬಂದವನ ಹಸಿವು ನನಗೆ ಅರ್ಥವಾಗುತ್ತದೆ. ಆಗ ಯಜ್ದೀನನನ್ನು ಕಂಡವರು ಯಾರೂ ಇಲ್ಲವೆಂದಾಯಿತು. ಎಳೆಸಿಕೊಂಡು ಹೋದವನು ಎಳೆಸಿಕೊಂಡು ಹೋದವನಾಗಿಯೇ ಉಳಿಯುತ್ತಾನೆ, ಹೊಲ ನನ್ನದಾಗುತ್ತದೆ. ನಾನು ಗುರುಗಳಿಗೆ ಹೇಳಿ ಅವನ ಹೆಸರಿನಲ್ಲಿ ಸತ್ತವರ ಪ್ರಾರ್ಥನೆ ಮಾಡಿಸುತ್ತೇನೆ. ಇಷ್ಟು ವರ್ಷ ಮಾಡಿಸಿಲ್ಲ. ಬದುಕಿರುವವರ ಹೆಸರು ಓದುವಾಗಲೂ ಹೇಳಿಸಿಲ್ಲ, ಸತ್ತವರ ಹೆಸರು ಓದುವಾಗಲೂ ಹೇಳಿಸಿಲ್ಲ. ಎರಡರ ನಡುವೆ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದೆ. ನೀವೆಲ್ಲ ನೋಡಿದ್ದೀರಿ, ಕೇಳಲಿಲ್ಲ.

ಕಂಡದ್ದು ಅಂದರೆ?

ಕಂಡದ್ದು ಅಂದರೆ ಹೊಲ ಇನಾಮುದಾರರೇ ಇಟ್ಟುಕೊಳ್ಳಲಿ. ನಾನು ವಾದ ಮಾಡುವುದಿಲ್ಲ. ಕೊಯ್ಲು ಮುಗಿದ ದಿನ ತೂಬು ಇಳಿಸಿ ಜಾಗ ಬಿಡುತ್ತೇನೆ. ಅವನು ಬರಲಿಲ್ಲವೇಕೆ ಎಂದೂ ಕೇಳಿಸುವುದಿಲ್ಲ. ಬೆರಳಿನ ಮಾತು ಮೊದಲು ಆಡಿದವರು ಯಾರು ಎಂಬುದೊಂದನ್ನು ಮಾತ್ರ ಕುರ್ಜನಿಂದ ಕೇಳಿ ತಿಳಿದುಕೊಳ್ಳಿ.

ಯಾವ ಉತ್ತರ ಬರಲಿ ಎಂದು ಈ ಉಪವಾಸದಲ್ಲಿ ಬೇಡಿಕೊಳ್ಳಲಿ, ಸಭಿಕರೇ? ಹೊಲ ಬೇಕು ಅಂದರೆ ಅವನು ಸಾಯಲಿ ಎಂದಂತೆ. ಅವನಿರಲಿ ಅಂದರೆ ಈ ವಯಸ್ಸಿನಲ್ಲಿ ಬೀದಿ. ಆದ್ದರಿಂದ ಬೇಡುವುದನ್ನು ಬಿಟ್ಟು ಬೇಳೆ ನೆನೆಹಾಕಿ ಬಂದೆ.

ಹುರೈಸ್ ಸಾಹೇಬರು ಕೆಲಸದವರು, ಅಲ್ಲಿ ಹೋದ ಮೇಲೆ ಅವರನ್ನು ಎಲ್ಲಿಗೆ ಕಳಿಸುತ್ತಾರೋ ಅವರಿಗೇ ತಿಳಿಯದು. ಸಿರಿಯಾದ ಕಡೆ ಮತ್ತೆ ಯುದ್ಧದ ಮಾತು ಕೇಳಿಬರುತ್ತಿದೆ. ಅವರು ಮರಳಿ ಬರಲಾಗದಿದ್ದರೆ ಉತ್ತರ ಅಲ್ಲೇ ಉಳಿದುಬಿಡಬಾರದು. ಇಲ್ಲಿ ಕುಳಿತಿರುವವರಲ್ಲಿ ಜೊಂಡು ಮಾರಲು ಕೂಫಾಕ್ಕೆ ಹೋಗುವವರಿದ್ದೀರಿ, ಖರ್ಜೂರ ಹೇರಿಕೊಂಡು ಹೋಗುವವರಿದ್ದೀರಿ, ಧಣಿಗಳ ವರ್ಷಾಶನ ತರಲು ಹೋಗುವವರಿದ್ದೀರಿ. ಯಾರು ಹೋದರೂ ಸಾಹೇಬರನ್ನು ಕಂಡು ಬನ್ನಿ. ದಾರಿಯಲ್ಲಿ ಆ ಉತ್ತರವನ್ನು ಮೃದು ಮಾಡಬೇಡಿ, ನನ್ನ ಮುಖ ನೋಡಿ ಬದಲಿಸಬೇಡಿ, ಮನೆಗೆ ಬರುವ ಮೊದಲು ಊರಿಗೆ ಹೇಳಬೇಡಿ.

ಇಷ್ಟು ಹೊತ್ತು ಹಸಿದ ಹೊಟ್ಟೆಯಲ್ಲಿ ಕೇಳಿದ ಗುರುಗಳಿಗೆ, ಧಣಿಗಳಿಗೆ, ನಿಮಗೆಲ್ಲರಿಗೂ ನಾನು ಋಣಿ. ಸಾಹೇಬರೇ, ನಿಮ್ಮ ದಾರಿ ಸುಗಮವಾಗಲಿ. ಯಾರಾದರೂ ನನ್ನ ಉತ್ತರವನ್ನು ತಂದುಕೊಡಿ. ಯಾವುದಾದರೂ ಸರಿ, ತಂದುಕೊಡಿ. ಎಲ್ಲರಿಗೂ ನಮಸ್ಕಾರ.